ಸೋಡಿಯಂ ಅಯೋಡೈಡ್ ಡಿಟೆಕ್ಟರ್‌ನಲ್ಲೇ ಬೇರಿಯಂನ M4 ಹಿಡಿದ ಬಗೆ: ನನ್ನ ಅನುಭವ

ಸೀಸಿಯಂ-137ರ 662 ಕೆಇವಿ ಗಾಮಾ M4 ಜಾತಿಯದು, ಅಂದರೆ ನಾಲ್ಕು ಘಟಕ ಕೋನೀಯ ಸಂವೇಗ ಹೊತ್ತೊಯ್ಯುವ ಕಾಂತೀಯ ಬಗೆಯದು ಎಂದು ಎಲ್ಲ ಟೇಬಲ್‌ಗಳಲ್ಲೂ ಬರೆದಿರುತ್ತದೆ. ಅದನ್ನು ಎಂ.ಎಸ್ಸಿ ಲ್ಯಾಬ್‌ನಲ್ಲೇ ಅಳೆದು ತೋರಿಸುತ್ತೇನೆ ಎಂದಾಗ ನಂಬಿದವರು ಕಡಿಮೆ. "ಜರ್ಮೇನಿಯಂ ಡಿಟೆಕ್ಟರ್ ಇಲ್ಲದೆ ಆಗೋ ಕೆಲಸ ಅಲ್ಲ ಸರ್" ಎಂದರು ಕೆಲವರು. ನಮ್ಮ ಹತ್ತಿರ ಇದ್ದದ್ದು ಹಳೇ ಎರಡು ಇಂಚಿನ ಸೋಡಿಯಂ ಅಯೋಡೈಡ್ ಹರಳು ಮತ್ತು ಒಂದು ಮಲ್ಟಿಚಾನೆಲ್. ಹೊಸದಾಗಿ ಕೊಂಡದ್ದು ಸೀಸಿಯಂ ಜನರೇಟರ್ ಒಂದೇ. ಅನುಮತಿ ಕಾಗದ, ಸಾಗಣೆ ಎಲ್ಲ ಸೇರಿ ನಲವತ್ತು ಸಾವಿರ ದಾಟಿತು ಅಂತ ನೆನಪು. ಜರ್ಮೇನಿಯಂಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು.

ಲೆಕ್ಕ ನಿಮಗೆ ಗೊತ್ತಿದ್ದದ್ದೇ. ಸೀಸಿಯಂನಿಂದ ಬೀಟಾ ಹೊರಟಾಗ ನೂರರಲ್ಲಿ ತೊಂಬತ್ತನಾಲ್ಕು ಸಲ ಬೇರಿಯಂ-137ರ 11/2⁻ ಮಟ್ಟಕ್ಕೆ ಬರುತ್ತದೆ. ಕೆಳಗೆ ಇರುವುದು ಎರಡೇ ಮಟ್ಟ: 283 ಕೆಇವಿಯಲ್ಲಿ 1/2⁺, ತಳದಲ್ಲಿ 3/2⁺. ತಳಕ್ಕೆ ಇಳಿಯಲು ಗಾಮಾ ಕನಿಷ್ಠ L = 4 ಕೋನೀಯ ಸಂವೇಗ ಹೊತ್ತೊಯ್ಯಬೇಕು. ಪ್ಯಾರಿಟಿ ಬೇರೆ ಬದಲಾಗಬೇಕು. E4ನಲ್ಲಿ ಪ್ಯಾರಿಟಿ ಬದಲಾಗುವುದಿಲ್ಲ, M4ನಲ್ಲಿ ಆಗುತ್ತದೆ. 1/2⁺ ಕಡೆಗೆ ಹೋಗಬೇಕಾದರೆ L = 5, ಅಂದರೆ E5. ಆ ದಾರಿಯಲ್ಲಿ ಸಿಗುವ ಶಕ್ತಿಯೂ ಕಡಿಮೆ, 378 ಕೆಇವಿ ಮಾತ್ರ.

11/2⁻ ಇಷ್ಟು ಕೆಳಗೆ ಬಂದು ಕೂತಿದೆ ಯಾಕೆ? ಬೇರಿಯಂ-137ರಲ್ಲಿ ನ್ಯೂಟ್ರಾನ್ 81. ತುಂಬಿದ 82ರ ಶೆಲ್‌ಗೆ ಒಂದು ಕಡಿಮೆ. ಆ ಖಾಲಿ ಜಾಗ d3/2ನಲ್ಲಿದ್ದರೆ ತಳಮಟ್ಟ, s1/2ನಲ್ಲಿದ್ದರೆ 283, h11/2ನಲ್ಲಿದ್ದರೆ 662. h11/2 ಮೇಲಿನ ಶೆಲ್‌ನಿಂದ ಸ್ಪಿನ್-ಆರ್ಬಿಟ್ ಬಲಕ್ಕೆ ಸಿಕ್ಕಿ ಕೆಳಗಿಳಿದದ್ದು. ಅದಕ್ಕೇ ಪಕ್ಕದವರಿಗಿಂತ ಸ್ಪಿನ್ ತುಂಬಾ ಜಾಸ್ತಿ, ಪ್ಯಾರಿಟಿಯೂ ಉಲ್ಟಾ. 50, 82, 126 ಸಂಖ್ಯೆಗಳ ಸ್ವಲ್ಪ ಕೆಳಗೆ ಹೀಗೆ ತಡವಾಗಿ ಇಳಿಯುವ ಮಟ್ಟಗಳು, ಅಂದರೆ ಐಸೋಮರ್‌ಗಳು, ಗುಂಪಾಗಿ ಸಿಗುವುದಕ್ಕೆ ಕಾರಣವೂ ಇದೇ.

ನಾನು ನೆಚ್ಚಿಕೊಂಡದ್ದು ಒಂದೇ ಕಣ ಮಟ್ಟ ಬದಲಿಸುತ್ತದೆ ಎಂದಿಟ್ಟುಕೊಂಡು ಅರ್ಧಾಯುಷ್ಯ ಹೇಳುವ ವೈಸ್ಕೋಫ್ ಅಂದಾಜನ್ನು. A = 137, ಶಕ್ತಿ 0.662 ಎಂಇವಿ ಹಾಕಿ ನೋಡಿ. 662 ಕೆಇವಿ ಗಾಮಾ E1 ಆಗಿದ್ದರೆ ಅರ್ಧಾಯುಷ್ಯ ಸುಮಾರು 10⁻¹⁵ ಸೆಕೆಂಡ್. M3 ಆಗಿದ್ದರೆ ಒಂದು ಮಿಲಿಸೆಕೆಂಡ್. E4 ಆಗಿದ್ದರೆ ಐದು ಸೆಕೆಂಡ್. M4 ಆಗಿದ್ದರೆ ಐದೂವರೆ ನಿಮಿಷ. E5 ಆಗಿದ್ದರೆ ಮೂರು ವಾರದ ಮೇಲೆ. ಈ ಅಂದಾಜು ಎರಡು ಮೂರು ಪಟ್ಟು ಆಚೀಚೆ ಆದರೂ ನಷ್ಟವಿಲ್ಲ, ಮಧ್ಯದ ಅಂತರ ಅಷ್ಟು ದೊಡ್ಡದು. ಹಾಗಾಗಿ ಅರ್ಧಾಯುಷ್ಯ ಅಳೆದರೆ ಸಾಕು, ಜಾತಿ ಯಾವುದು ಅಂತ ಗೊತ್ತಾಗುತ್ತದೆ.

ಅಳೆಯುವುದೇ ಕಷ್ಟವಾದದ್ದು. ಜನರೇಟರ್‌ನಿಂದ ಬೇರಿಯಂ ತೆಗೆಯುವುದು ಹಸು ಕರೆದ ಹಾಗೆ. ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ 0.9% ಉಪ್ಪುನೀರನ್ನು ಸಿರಿಂಜ್‌ನಲ್ಲಿ ಒತ್ತಿದರೆ ಬೇರಿಯಂ ಹನಿಯಾಗಿ ಇಳಿಯುತ್ತದೆ, ಸೀಸಿಯಂ ಒಳಗೇ ಉಳಿಯುತ್ತದೆ. ಬರೀ ನೀರು ಹಾಕಿ ನೋಡಿದೆವು, ಎಣಿಕೆ ಅರ್ಧಕ್ಕಿಂತ ಕೆಳಗೆ ಬಿತ್ತು. ಸಿರಿಂಜ್ ಎಷ್ಟು ವೇಗದಲ್ಲಿ ಒತ್ತಬೇಕು ಅನ್ನುವುದು ನಮ್ಮ ಲ್ಯಾಬ್‌ಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮೊದಲ ಬ್ಯಾಚ್‌ಗಳಲ್ಲಿ ಉತ್ತರ ಮೂರು ನಿಮಿಷ, ಮೂರೂಕಾಲು ನಿಮಿಷ ಅಂತ ಬರುತ್ತಿತ್ತು. ಅನುಮಾನ ಪಟ್ಟವರಿಗೆ ಇದೇ ಸಾಕಾಯಿತು. ಸೆಮಿಲಾಗ್ ಹಾಳೆಯಲ್ಲಿ ಹಾಕಿದಾಗ ರೋಗ ಎಲ್ಲಿದೆ ಅಂತ ಕಂಡಿತು. ಮೊದಲು ಗೆರೆ ನೇರ, ನಾಲ್ಕನೇ ಅರ್ಧಾಯುಷ್ಯ ದಾಟಿದ ಮೇಲೆ ನಿಧಾನಕ್ಕೆ ಬಾಗುತ್ತಿತ್ತು. ಕಾರಣ ಅದೇ ಮೇಜಿನ ಮೇಲಿದ್ದ ಜನರೇಟರ್. ಬೇರಿಯಂ ಕರೆದ ತಕ್ಷಣ ಅದು ಬಹುಪಾಲು ಖಾಲಿ. ಆಮೇಲೆ ಒಳಗಿನ ಸೀಸಿಯಂನಿಂದ ಬೇರಿಯಂ ಮತ್ತೆ ತುಂಬಿಕೊಳ್ಳುತ್ತದೆ, ಅದೂ ಅದೇ ಅರ್ಧಾಯುಷ್ಯದಲ್ಲಿ. ಸ್ಯಾಂಪಲ್ ಇಳಿಯುತ್ತಿದ್ದರೆ ಹಿನ್ನೆಲೆ ಏರುತ್ತಿರುತ್ತದೆ. ಕರೆದ ತಕ್ಷಣ ಹಿನ್ನೆಲೆ ಎಣಿಸಿ ಕಳೆದರೆ ಕಡಿಮೆ ಕಳೆದಂತೆ, ಅರ್ಧಾಯುಷ್ಯ ಉದ್ದವಾಗುತ್ತದೆ.

ಇದಕ್ಕೆ ಮದ್ದು ಸುಲಭ. ಇಳಿಯುವುದು e^(−λt), ಏರುವುದು 1 − e^(−λt). ಎರಡನ್ನೂ ಕೂಡಿದರೆ ಅದೇ λ ಇರುವ ಒಂದು ಇಳಿಕೆ, ಜೊತೆಗೆ ಒಂದು ಸ್ಥಿರ ಸಂಖ್ಯೆ, ಅಷ್ಟೇ. ಹಾಗಾಗಿ ಏನನ್ನೂ ಕದಲಿಸದೆ ಮೂವತ್ತು ನಲವತ್ತು ನಿಮಿಷ ಬಿಟ್ಟು ಆಗಿನ ಎಣಿಕೆಯನ್ನು ಕಳೆಯಬೇಕು. ಕೊಂಚ ಸೀಸಿಯಂ ಸೋರಿ ಸ್ಯಾಂಪಲ್‌ಗೆ ಬಂದಿದ್ದರೆ ಅದೂ ಈ ಸ್ಥಿರ ಸಂಖ್ಯೆಯಲ್ಲೇ ಹೋಗುತ್ತದೆ. ಸೋರಿದೆಯೋ ಇಲ್ಲವೋ ತಿಳಿಯಬೇಕಾದರೆ ಜನರೇಟರನ್ನು ಬೇರೆ ಕೋಣೆಗೆ ಕಳಿಸಿ, ಹಳೇ ಸ್ಯಾಂಪಲ್ ಒಂದನ್ನೇ ಎಣಿಸಿ. ಹೀಗೆ ಮಾಡಿದ ಮೇಲೆ 2.5ರಿಂದ 2.6 ನಿಮಿಷದ ಒಳಗೇ ಉತ್ತರ ನಿಂತಿತು. ಒಪ್ಪಿತ ಬೆಲೆ 2.55. M4 ಅಂದಾಜಿಗೆ ಎರಡು ಪಟ್ಟು ಹತ್ತಿರ. ಉಳಿದವು ಲೆಕ್ಕಕ್ಕೇ ಬರುವುದಿಲ್ಲ.

ಅಷ್ಟಕ್ಕೂ ಒಬ್ಬರು ಒಪ್ಪಲಿಲ್ಲ, ಇನ್ನೊಂದು ಸಾಕ್ಷಿ ಕೇಳಿದರು. L ಜಾಸ್ತಿಯಾದಷ್ಟೂ ನ್ಯೂಕ್ಲಿಯಸ್ ಗಾಮಾ ಬಿಡುವ ಬದಲು ತನ್ನ K ಎಲೆಕ್ಟ್ರಾನನ್ನು ಒದ್ದು ಹೊರಹಾಕುವುದು ಹೆಚ್ಚು. ಆಗ 32 ಕೆಇವಿ ಸುತ್ತ ಬೇರಿಯಂ ಎಕ್ಸ್‌ರೇ ಕಾಣುತ್ತದೆ. ಆದರೆ ಅದು ಕಾಂಪ್ಟನ್ ದಿಬ್ಬದ ಮೇಲೆ ಕೂತಿರುತ್ತದೆ. ದಿಬ್ಬವನ್ನು ಕಣ್ಣಳತೆಯಲ್ಲಿ ಕಳೆದರೆ ಪ್ರತಿ ವಿದ್ಯಾರ್ಥಿಗೂ ಬೇರೆ ಉತ್ತರ. ಮಾರ್ಕೆಟ್‌ನಿಂದ ಒಂದು ಮಿಲಿಮೀಟರ್ ತಾಮ್ರದ ತಗಡು ತಂದೆ, ನೂರೈವತ್ತು ರೂಪಾಯಿ ಇರಬೇಕು. ಅದನ್ನು ಅಡ್ಡ ಇಟ್ಟರೆ ಎಕ್ಸ್‌ರೇ ಪೂರ್ತಿ ಮಾಯ, 662 ಗಾಮಾದಲ್ಲಿ ನೂರಕ್ಕೆ ಆರೇಳು ಮಾತ್ರ ನಷ್ಟ. ತಗಡು ಇಲ್ಲದ ಸ್ಪೆಕ್ಟ್ರಮ್‌ನಿಂದ ಇರುವುದನ್ನು ಕಳೆದರೆ ಎಕ್ಸ್‌ರೇ ಒಂದೇ ನಿಲ್ಲುತ್ತದೆ. ತಗಡು ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಮಗೆ ಎಕ್ಸ್‌ರೇ ಶಿಖರ 662ರ ಶಿಖರದ ಸುಮಾರು 0.4ರಷ್ಟು ಬಂತು. ಹರಳು 662ನ್ನು ಪೂರ್ತಿ ಹಿಡಿಯುವುದು ಆರರಲ್ಲಿ ಒಂದು ಸಲ. ಇದನ್ನು ಸೋಡಿಯಂ-22 ಮತ್ತು ಕೋಬಾಲ್ಟ್-60 ಇಟ್ಟು ತೆಗೆದೆ. ಡಿಟೆಕ್ಟರ್‌ನ ಅಲ್ಯೂಮಿನಿಯಂ ಮುಚ್ಚಳ ಎಕ್ಸ್‌ರೇಯ ಐದನೇ ಒಂದು ಭಾಗ ನುಂಗುತ್ತದೆ. ಎಲ್ಲ ಸರಿಪಡಿಸಿದರೆ ಒಂದು ಗಾಮಾಗೆ K ಎಲೆಕ್ಟ್ರಾನ್ 0.09 ಆಸುಪಾಸು. ಟೇಬಲ್‌ನ M4 ಬೆಲೆಯೂ ಅಷ್ಟೇ. E1, E2 ಆಗಿದ್ದರೆ 0.01 ಕೂಡ ಮುಟ್ಟುತ್ತಿರಲಿಲ್ಲ. ಆಮೇಲೆ ಯಾರೂ ಜರ್ಮೇನಿಯಂ ಮಾತು ಎತ್ತಿಲ್ಲ.

ಹುಮ್ಮಸ್ಸಿನಲ್ಲಿ E5 ದಾರಿಯನ್ನೂ ಹುಡುಕಲು ಹೋದೆ, ರಾತ್ರಿಯಿಡೀ ಎಣಿಕೆಗೆ ಬಿಟ್ಟೆ. 378ರಲ್ಲಿ ಏನೂ ಕಾಣಲಿಲ್ಲ. ಕಾಣುವುದು ಸಾಧ್ಯವೂ ಇಲ್ಲ: ಆ ಕವಲು ಸುಮಾರು ಕೋಟಿಗೆ ಒಂದು, 662ರ ಕಾಂಪ್ಟನ್ ಅದನ್ನು ಮುಳುಗಿಸುತ್ತದೆ. ಇದೇ ಬೇರಿಯಂ ಮಟ್ಟ 662 ಕೆಇವಿಯನ್ನು ಎರಡು ಗಾಮಾಗಳಾಗಿ ಹಂಚಿಕೊಂಡು ಇಳಿಯುವುದೂ ಉಂಟು, ಹತ್ತು ಲಕ್ಷಕ್ಕೆ ಸುಮಾರು ಎರಡು ಸಲ. ಅದನ್ನು ಡಾರ್ಮ್‌ಸ್ಟಾಟ್‌ನವರು 2015ರಲ್ಲಿ ಪ್ರಕಟಿಸಿದರು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬರೀ ಪೇಪರ್ ಮೇಲಿನ ಲೆಕ್ಕ. M4 ವೇಗ ಶಕ್ತಿಯ ಒಂಬತ್ತನೇ ಘಾತದಂತೆ ಏರುತ್ತದೆ. ನ್ಯೂಟ್ರಾನ್ 81 ಇರುವ ಪಕ್ಕದ ಮನೆಗಳಲ್ಲೂ ಅದೇ 11/2⁻ನಿಂದ 3/2⁺ಗೆ ಇಳಿಯುವ ಐಸೋಮರ್ ಇದೆ. ಝೆನಾನ್-135ರಲ್ಲಿ ಶಕ್ತಿ 527 ಕೆಇವಿ. ನಮ್ಮ 2.55 ನಿಮಿಷದಿಂದ ಹೊರಟು, ಎಲೆಕ್ಟ್ರಾನ್ ಒದೆಯುವ ಪಾಲನ್ನೂ ಸೇರಿಸಿದರೆ ಹದಿನೆಂಟು ನಿಮಿಷ ಬರುತ್ತದೆ, ನಿಜವಾದದ್ದು ಹದಿನೈದು ಚಿಲ್ಲರೆ. ಸೀರಿಯಂ-139ರಲ್ಲಿ 754 ಕೆಇವಿ. ಲೆಕ್ಕದಲ್ಲಿ ನಲವತ್ತೇಳು ಸೆಕೆಂಡ್, ಅಳತೆಯಲ್ಲಿ ಒಂದು ನಿಮಿಷಕ್ಕೆ ಕೊಂಚ ಕಡಿಮೆ. ಶಕ್ತಿ ಒಂದು ಕಡೆ ಐದರಲ್ಲಿ ಒಂದು ಭಾಗ, ಇನ್ನೊಂದು ಕಡೆ ಏಳರಲ್ಲಿ ಒಂದು ಭಾಗ ಬದಲಾಗಿದೆ, ಆಯುಷ್ಯ ಮಾತ್ರ ಒಂದು ಕಡೆ ಆರು ಪಟ್ಟು ಹಿಗ್ಗಿದೆ, ಇನ್ನೊಂದು ಕಡೆ ಮೂರನೇ ಒಂದಕ್ಕೆ ಕುಗ್ಗಿದೆ.