ದೇವಸ್ಥಾನಕ್ಕೆ ಯಾಕೆ ಬರುವುದಿಲ್ಲ ಅಂತ ಕೇಳಿದ ಅಜ್ಜಿಗೆ

ಪ್ರೀತಿಯ ಅಜ್ಜಿಗೆ ನಮಸ್ಕಾರಗಳು.

"ದಿನಾ ಒಂದು ಗಂಟೆ ಕಣ್ಣು ಮುಚ್ಚಿ ಕೂರ್ತಾಳೆ, ದೇವಸ್ಥಾನಕ್ಕೆ ಹೋಗೋಕೆ ಹತ್ತು ನಿಮಿಷ ಸಿಗಲ್ವಾ?" ಅಂತ ಅಮ್ಮನ ಹತ್ತಿರ ಕೇಳಿದೆಯಂತೆ. ಫೋನಿನಲ್ಲಿ ಇದನ್ನು ಸರಿಯಾಗಿ ಹೇಳೋಕೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾವ ಮತಕ್ಕೂ ಸೇರಿಲ್ಲ ಅಜ್ಜಿ. ಕಲಿತಿದ್ದು ವಿಪಶ್ಯನ ಅನ್ನುವ ಧ್ಯಾನ, ಬೆಂಗಳೂರಿನ ಹತ್ತಿರ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ. ಇದನ್ನು 1969ರಿಂದ ಭಾರತದಲ್ಲಿ ಹೇಳಿಕೊಟ್ಟವರು ಎಸ್.ಎನ್. ಗೋಯೆಂಕಾ, ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಸ್ಥರು. ಅವರ ಗುರು ಊ ಬಾ ಖಿನ್ ಅಲ್ಲಿನ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದವರು. ಇಬ್ಬರೂ ಮನೆ, ಸಂಸಾರ ಇದ್ದವರೇ. ಹತ್ತು ದಿನದ ಶಿಬಿರ, ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ, ಫೀಸೂ ಇಲ್ಲ. ಶಿಬಿರ ಮುಗಿಸಿದವರು ಕೊಡುವ ದಾನದಲ್ಲೇ ನಡೆಯುತ್ತದೆ.

ಈಗ ಮನೆಯಲ್ಲಿ ಏನು ಮಾಡುತ್ತೇನೆ ಅಂತ ಕೇಳು. ಬೆಳಿಗ್ಗೆ ಐದೂವರೆಗೆ ಮುಖ ತೊಳೆದು, ಕಾಫಿಗೆ ಮೊದಲೇ ಕೂರುತ್ತೇನೆ. ಕಂಬಳಿ ಮಡಿಸಿ ಸೊಂಟದ ಕೆಳಗೆ ಎತ್ತರವಾಗಿ ಇಟ್ಟುಕೊಂಡರೆ ಮಂಡಿ ಕೆಳಗಿಳಿಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊದಲ ಕಾಲು ಗಂಟೆ ಮೂಗಿನ ಹೊಳ್ಳೆ, ಮೇಲ್ತುಟಿಯ ಮೇಲಿನ ಜಾಗ, ಅಷ್ಟರಲ್ಲೇ ಗಮನ. ಉಸಿರು ಬರುತ್ತದೆ, ಹೋಗುತ್ತದೆ. ಅದನ್ನು ಎಳೆಯುವುದಿಲ್ಲ, ಎಣಿಸುವುದಿಲ್ಲ. ಆಮೇಲೆ ನೆತ್ತಿಯಿಂದ ಕಾಲಿನ ಬೆರಳವರೆಗೆ ಒಂದೊಂದೇ ಭಾಗಕ್ಕೆ ಮನಸ್ಸು ಕೊಡುತ್ತಾ ಇಳಿಯುತ್ತೇನೆ. ಒಂದು ಕಡೆ ಬಿಸಿ, ಒಂದು ಕಡೆ ತುರಿಕೆ, ಒಂದು ಕಡೆ ಜುಮ್ ಅನ್ನುತ್ತದೆ. ಹಿತವಾಗಿದ್ದರೆ ಇರಲಿ ಅನ್ನಬಾರದು, ನೋವಾದರೆ ಹೋಗಲಿ ಅನ್ನಬಾರದು. ಸುಮ್ನೆ ನೋಡಬೇಕು. ಇಡೀ ಕೆಲಸ ಇದೇ, ಕಷ್ಟವೂ ಇದೇ.

ನಿದ್ದೆ ಬರುವುದುಂಟು. ಗದ್ದ ಕೆಳಗೆ ವಾಲಿದರೆ ಗೊತ್ತಾಗುತ್ತದೆ. ಆಗ ನಾಲ್ಕೈದು ಸಲ ಜೋರಾಗಿ ಉಸಿರಾಡುತ್ತೇನೆ, ಆಗದಿದ್ದರೆ ಎದ್ದು ನಿಲ್ಲುತ್ತೇನೆ. ಕಾಲು ಜೋಮು ಹಿಡಿದರೆ ಹೆದರುವುದಿಲ್ಲ. ಮಂಡಿಯಲ್ಲಿ ಚುಚ್ಚಿದಂತೆ ನೋವಾದರೆ ಮಾತ್ರ ಕಾಲು ಬದಲಿಸುತ್ತೇನೆ. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಒಂದು ದಿನ ಮೈಯೆಲ್ಲ ಹಗುರಾದರೆ ಮರುದಿನವೂ ಅದೇ ಬೇಕು ಅನ್ನಿಸುತ್ತದೆ. "ಇವತ್ತು ಚೆನ್ನಾಗಿ ಆಗಲಿಲ್ಲ" ಅಂತ ಮಾರ್ಕು ಹಾಕಲು ಶುರು ಮಾಡಿದೆ ಅಂದರೆ ದಾರಿ ತಪ್ಪಿತು ಅಂತಲೇ ಲೆಕ್ಕ.

ಇದರಿಂದ ಏನಾಯಿತು ಅಂತ ಕೇಳುತ್ತೀ ಅಲ್ವಾ? ಹೋದ ತಿಂಗಳು ಅಮ್ಮ ಮತ್ತೆ ಜಾತಕದ ಮಾತು ತೆಗೆದಳು. ಎದೆಯಲ್ಲಿ ಬಿಸಿ ಎದ್ದಿತು, ಗಂಟಲು ಬಿಗಿಯಿತು, ಕಿವಿ ಕಾದವು. ಮೊದಲಾಗಿದ್ದರೆ ಕೂಗಾಡಿ ಫೋನ್ ಇಡುತ್ತಿದ್ದೆ. ಈ ಸಲ ಬಿಸಿ ಎದ್ದದ್ದು ನನಗೆ ಮೊದಲೇ ಗೊತ್ತಾಯಿತು. ಉಸಿರು ನೋಡಿದೆ. ಸಿಟ್ಟೇನೂ ಹೋಗಲಿಲ್ಲ, ಆದರೆ ಅದು ಬಾಯಿಗೆ ಬರುವ ಮುಂಚೆ ಸ್ವಲ್ಪ ಜಾಗ ಸಿಕ್ಕಿತು. "ಒಂದು ವರ್ಷ ಈ ಮಾತು ಬೇಡಮ್ಮ" ಅಂತ ಮೆಲ್ಲಗೆ ಹೇಳಿದೆ. ಅವಳೂ ಕೇಳಿಸಿಕೊಂಡಳು. ಇದು ಔಷಧಿ ಅಲ್ಲ ಅಜ್ಜಿ. ಮನಸ್ಸಿನ ಕಾಯಿಲೆ ಜೋರಾಗಿರುವವರು ಡಾಕ್ಟರನ್ನು ಕೇಳದೆ ಶಿಬಿರಕ್ಕೆ ಹೋಗಬಾರದು. ಅರ್ಜಿಯಲ್ಲೇ ಅದನ್ನು ಕೇಳುತ್ತಾರೆ.

ದೇವಸ್ಥಾನದ ಮಾತಿಗೆ ಬರುತ್ತೇನೆ. ಅಲ್ಲಿ ಕೈ ಮುಗಿದ ಕೂಡಲೇ ನನ್ನ ಮನಸ್ಸು ಬೇಡಲು ಶುರು ಮಾಡುತ್ತದೆ. ಪರೀಕ್ಷೆ, ಕೆಲಸ, ಅಪ್ಪನ ಬಿಪಿ. ಚಿಕ್ಕಂದಿನಿಂದ ಅದೇ ಅಭ್ಯಾಸ. ನಾನು ಕಲಿಯುತ್ತಿರುವುದು ಬೇಡದೆ ಇರುವುದನ್ನು. ನೀನು ಜಪ ಮಾಡುವಾಗ ಮನಸ್ಸು ನಿಲ್ಲುತ್ತದೆ, ಅದು ನಿಜವೇ. ಆದರೆ ಹೆಸರು ಹೇಳುತ್ತಿದ್ದರೆ ನನ್ನ ಗಮನ ಹೆಸರಿನ ಮೇಲೇ ಉಳಿಯುತ್ತದೆ, ಮೈಯಲ್ಲಿ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೇ ಎರಡನ್ನೂ ಬೆರೆಸುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಮುಟ್ಟಾದ ದಿನಗಳಲ್ಲಿ ನನ್ನನ್ನು ದೇವರ ಮನೆಯ ಹೊಸಿಲಿನ ಆಚೆ ನಿಲ್ಲಿಸುತ್ತಿದ್ದಿರಿ. ಹೊಟ್ಟೆನೋವು ಜಾಸ್ತಿ ಇರುವ ಆ ದಿನಗಳಲ್ಲೇ ನನಗೆ ಆಸರೆ ಬೇಕು. ಈ ಕಂಬಳಿಯ ಮೇಲೆ ಆ ದಿನವೂ ಕೂರುತ್ತೇನೆ, ಆ ನೋವನ್ನೇ ನೋಡುತ್ತೇನೆ.

ದೇವಸ್ಥಾನ ಪೂರ್ತಿ ಬಿಟ್ಟಿಲ್ಲ. "ದರ್ಶನ ಆದಮೇಲೆ ಸ್ವಲ್ಪ ಹೊತ್ತು ಕೂತು ಹೋಗಬೇಕು" ಅಂತ ನೀನು ನನ್ನನ್ನು ಜಗಲಿಯ ಮೇಲೆ ಕೂರಿಸುತ್ತಿದ್ದೆಯಲ್ಲ, ನನಗೆ ಪೂಜೆಗಿಂತ ಅದೇ ಇಷ್ಟವಾಗುತ್ತಿತ್ತು. ದೀಪಾವಳಿಗೆ ಬಂದಾಗ ಸಂಜೆ ನಿನ್ನ ಜೊತೆ ಬಂದೇ ಬರುತ್ತೇನೆ. ಬೆಳಿಗ್ಗೆ ಮಾತ್ರ ಆರೂವರೆವರೆಗೆ ಹಿಂದಿನ ಕೋಣೆಯ ಬಾಗಿಲು ತಟ್ಟಬೇಡ, ಕಾಫಿ ಆಮೇಲೆ ಕುಡಿಯುತ್ತೇನೆ.

ನಿನ್ನ ಮೊಮ್ಮಗಳು