ಬಾಣಲೆ ಹೊತ್ತಿಕೊಂಡರೆ, ಗ್ಯಾಸ್ ಸೋರಿದರೆ: ಹೋಟೆಲ್ ಅಡುಗೆಮನೆಯಲ್ಲಿ ಮೊದಲು ಮುಚ್ಚಬೇಕಾದದ್ದೇನು?

ಸಣ್ಣ ಹೋಟೆಲುಗಳ ಸಿಬ್ಬಂದಿಗೆ ಬೆಂಕಿ ಅವಘಡದ ತರಬೇತಿ ಕೊಡುತ್ತ ಬಂದಿರುವ ನಾನು ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬೆಂಕಿ ಕಂಡ ಕೂಡಲೇ ಎಲ್ಲರ ಕೈಯೂ ಏನನ್ನಾದರೂ ಎರಚಲು ಮುಂದಾಗುತ್ತದೆ: ಒಬ್ಬರು ನೀರು, ಇನ್ನೊಬ್ಬರು ಹಿಟ್ಟು, ಮತ್ತೊಬ್ಬರು ಗೋಡೆಯಲ್ಲಿ ತೂಗುಹಾಕಿದ ಕೆಂಪು ಸಿಲಿಂಡರು. ಅಡುಗೆಮನೆಯ ಬೆಂಕಿಗೆ ಮೊದಲು ಬೇಕಾದದ್ದು ಮುಚ್ಚುವ ಕೆಲಸ. ಗ್ಯಾಸಿನ ವಾಲ್ವ್ ಮುಚ್ಚಬೇಕು, ಬಾಣಲೆಯ ಬಾಯಿ ಮುಚ್ಚಬೇಕು. ಎರಚುವ ಮಾತು ಆಮೇಲಿನದು.

ಕೆಲವು ವರ್ಷಗಳ ಹಿಂದೆ, ಒಂದು ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಒಂದು ಹೋಟೆಲಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಬೋಂಡಾ ಕರಿಯಲು ಸುಮಾರು ಎಂಟು ಲೀಟರ್ ಎಣ್ಣೆ ಹಾಕಿದ ಬಾಣಲೆಯನ್ನು ಒಲೆಯ ಮೇಲಿಟ್ಟು, ಅಡುಗೆಯವರು ಪಾರ್ಸೆಲ್ ಕೌಂಟರಿಗೆ ಹೋದರು. ಎಣ್ಣೆ ಮೊದಲು ದಟ್ಟವಾಗಿ ಹೊಗೆಯಾಡಿತು, ಅನಂತರ ತಾನಾಗಿಯೇ ಹೊತ್ತಿಕೊಂಡಿತು. ಕರಿಯಲು ಬೇಕಾದ ಬಿಸಿ 170ರಿಂದ 190 ಡಿಗ್ರಿ ಸೆಲ್ಸಿಯಸ್. ಅಡುಗೆ ಎಣ್ಣೆ ಕಿಡಿಯ ಸಹಾಯವಿಲ್ಲದೆ ಹೊತ್ತಿಕೊಳ್ಳುವುದು ಸುಮಾರು 350 ಡಿಗ್ರಿಯ ಆಸುಪಾಸಿನಲ್ಲಿ. ಈ ಎರಡರ ನಡುವೆ ಹಲವು ನಿಮಿಷಗಳ ಹೊಗೆ ಇರುತ್ತದೆ. ಆ ಹೊಗೆಯನ್ನು ಕಂಡ ಯಾರೇ ಆದರೂ ಒಲೆ ಆರಿಸಿದ್ದರೆ ಅಂದು ಏನೂ ಆಗುತ್ತಿರಲಿಲ್ಲ. ಆದರೆ ಪಾತ್ರೆ ತೊಳೆಯುತ್ತಿದ್ದ ಹುಡುಗ, ಒಲೆ ತನ್ನ ಕೆಲಸವಲ್ಲವೆಂದು ಸುಮ್ಮನಿದ್ದ. ಜ್ವಾಲೆ ಎದ್ದ ಮೇಲೆ ಮೇಲ್ವಿಚಾರಕರು ಓಡಿಬಂದು ಪುಡಿಯ ಅಗ್ನಿನಂದಕವನ್ನು ಎರಡಡಿ ದೂರದಿಂದ ನೇರವಾಗಿ ಬಾಣಲೆಗೇ ಹಿಡಿದರು. ಬೆಂಕಿ ಆರಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಪುಡಿ ಮುಗಿದಿತ್ತು, ಕೆಳಗೆ ಬರ್ನರ್ ಇನ್ನೂ ಉರಿಯುತ್ತಿತ್ತು, ಎಣ್ಣೆ ಮತ್ತೆ ಹೊತ್ತಿಕೊಂಡಿತು. ಪುಡಿಯ ರಭಸಕ್ಕೆ ಕಟ್ಟೆಯ ಮೇಲೆಲ್ಲ ಚೆಲ್ಲಿದ್ದ ಎಣ್ಣೆಯೂ ಈ ಬಾರಿ ಉರಿಯಿತು.

ಬಾಣಲೆಯ ಬೆಂಕಿ

ಮೊದಲು ಗ್ಯಾಸ್ ನಿಲ್ಲಿಸಿ. ಒಲೆಯ ಗುಂಡಿಗೆ ಕೈ ಹಾಕಲು ಜ್ವಾಲೆ ಬಿಡದಿದ್ದರೆ, ಸಿಲಿಂಡರುಗಳಿಂದ ಬರುವ ಪೈಪಿನ ಮುಖ್ಯ ವಾಲ್ವನ್ನು ಮುಚ್ಚಿ. ಈ ವಾಲ್ವ್ ಒಲೆಯ ಹಿಂಬದಿಯ ಗೋಡೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಬಾಗಿಲ ಬಳಿ, ಬೆಂಕಿಗೆ ಬೆನ್ನು ಮಾಡಿ ಹೊರಡುವ ದಾರಿಯಲ್ಲಿ ಇನ್ನೊಂದನ್ನು ಹಾಕಿಸಲೇಬೇಕು. ಹೊಗೆ ಎಳೆಯುವ ಫ್ಯಾನನ್ನು ಆರಿಸಿ. ಇಲ್ಲವಾದರೆ ಅದು ಜ್ವಾಲೆಯನ್ನು ಜಿಡ್ಡು ಕಟ್ಟಿದ ಚಿಮಣಿಯೊಳಕ್ಕೆ ಎಳೆದುಕೊಳ್ಳುತ್ತದೆ, ಮತ್ತು ಚಿಮಣಿಯ ಒಳಗೆ ಹತ್ತಿದ ಬೆಂಕಿ ನಿಮ್ಮ ಕೈಗೆ ಸಿಗುವುದಿಲ್ಲ.

ಎರಡನೆಯದು ಮುಚ್ಚಳ. ಬಹುತೇಕರು ಎಡವುವುದು ಇಲ್ಲಿಯೇ. ಬೆಂಕಿ ಬಿದ್ದ ಹೊತ್ತಿನಲ್ಲಿ ಹೊಂದುವ ತಟ್ಟೆಯನ್ನು ಹುಡುಕಲು ಆಗುವುದಿಲ್ಲವಾದ್ದರಿಂದ, ಪ್ರತಿ ಬಾಣಲೆಗೂ ಅದರ ಬಾಯಿಗಿಂತ ಸುತ್ತಲೂ ನಾಲ್ಕು ಬೆರಳು ಅಗಲವಾದ, ಮರದ ಹಿಡಿಯಿರುವ ಕಬ್ಬಿಣದ ಅಥವಾ ಸ್ಟೀಲಿನ ಮಟ್ಟಸವಾದ ತಗಡನ್ನು ಮಾಡಿಸಿ, ಒಲೆಯಿಂದ ಮೂರು ಹೆಜ್ಜೆ ದೂರದ ಮೊಳೆಗೆ ತೂಗುಹಾಕಿ. ಒಲೆಯ ಮೇಲ್ಗಡೆ ತೂಗುಹಾಕಿದರೆ ಬೇಕಾದಾಗ ಅದು ಜ್ವಾಲೆಯ ಆಚೆಗಿರುತ್ತದೆ. ತೆಳುವಾದ ಅಲ್ಯೂಮಿನಿಯಂ ಬೇಡ, ಗಾಜಂತೂ ಬೇಡವೇ ಬೇಡ.

ಮುಚ್ಚಳವನ್ನು ಮೇಲಿಂದ ಧೊಪ್ಪನೆ ಹಾಕಬಾರದು. ಅದನ್ನು ಗುರಾಣಿಯಂತೆ ಮುಖಕ್ಕೂ ಜ್ವಾಲೆಗೂ ನಡುವೆ ಓರೆಯಾಗಿ ಹಿಡಿದು, ಬಾಣಲೆಯ ನಿಮ್ಮ ಕಡೆಯ ಅಂಚಿಗೆ ತಾಗಿಸಿ, ಅಲ್ಲಿಂದ ಆಚೆಗೆ ಜಾರಿಸುತ್ತ ಹೋಗಿ. ಹೀಗೆ ಮಾಡಿದರೆ ಜ್ವಾಲೆ ನಿಮ್ಮಿಂದ ಆಚೆಗೆ ಹೊರಳುತ್ತದೆ. ಅಂಚಿನಲ್ಲಿ ಜಾಲರಿ ಸೌಟಿನ ಹಿಡಿ ಸಿಕ್ಕಿಕೊಂಡಿದ್ದರೆ ಅಷ್ಟೇ ಸಂದಿಯಲ್ಲಿ ಗಾಳಿಯಾಡಿ ಬೆಂಕಿ ಉಳಿಯುತ್ತದೆ. ಸೌಟನ್ನು ಹೊರಗೆಳೆಯಲು ಹೋಗದೆ ಒಳಕ್ಕೆ ತಳ್ಳಿಬಿಡಿ. ಒಮ್ಮೆ ಮುಚ್ಚಿದ ಮೇಲೆ ಒಂದು ಗಂಟೆಯಾದರೂ ತೆರೆಯಬೇಡಿ. ಎಣ್ಣೆ ಹೊತ್ತಿಕೊಳ್ಳುವ ಬಿಸಿಯಿಂದ ಕೆಳಗಿಳಿಯುವ ಮೊದಲೇ ಇಣುಕಿದರೆ, ಗಾಳಿ ಸಿಕ್ಕ ಕ್ಷಣವೇ ಮತ್ತೆ ಭುಗಿಲೇಳುತ್ತದೆ. ಬಾಣಲೆಯನ್ನು ಹೊರಗೆ ಒಯ್ಯುವ ಸಾಹಸವಂತೂ ಕೂಡದು. ಮುಖ, ಕೈ ಸುಟ್ಟುಕೊಂಡವರಲ್ಲಿ ನಾನು ಕಂಡವರು ಹೆಚ್ಚಾಗಿ ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದವರೇ.

ನೀರು ಏಕೆ ಬೇಡವೆಂಬುದನ್ನು ಸಿಬ್ಬಂದಿಗೆ ಕಾರಣಸಹಿತ ಹೇಳಿ, ಬರೀ ಆಜ್ಞೆ ನೆನಪಿನಲ್ಲಿ ಉಳಿಯುವುದಿಲ್ಲ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಅಲ್ಲಿಯೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗಿ ಹಿಗ್ಗುವಾಗ ಮೇಲಿನ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಚಿಮ್ಮಿಸುತ್ತದೆ. ಇದೇ ಕಾರಣಕ್ಕೆ ನೀರು ತೊಟ್ಟಿಕ್ಕುವ ಗೋಣಿಚೀಲವನ್ನೂ ಬಾಣಲೆಯ ಮೇಲೆ ಹಾಕಬಾರದು. ಮೈದಾ ಅಥವಾ ಕಡಲೆಹಿಟ್ಟು ಎರಚಿದರೆ ಹಿಟ್ಟಿನ ಧೂಳೇ ಉರಿಯುತ್ತದೆ.

ಯಾವ ಅಗ್ನಿನಂದಕ?

ಕರಿಯುವ ಎಣ್ಣೆಗೆ ಸರಿಯಾದದ್ದು ವೆಟ್ ಕೆಮಿಕಲ್ ಎಂಬ ಜಾತಿಯದು; ಅದರ ಮೈಮೇಲೆ ‘ಎಫ್’ ಎಂದೋ ‘ಕೆ’ ಎಂದೋ ಗುರುತು ಇರುತ್ತದೆ. ಅದರ ಪೊಟ್ಯಾಸಿಯಂ ಲವಣದ ದ್ರಾವಣ ಬಿಸಿ ಎಣ್ಣೆಗೆ ತಾಗಿ ಸಾಬೂನಿನಂತಹ ನೊರೆಪದರವಾಗಿ ಗಾಳಿಯನ್ನು ತಡೆಯುತ್ತದೆ, ಜೊತೆಗೆ ಎಣ್ಣೆಯನ್ನು ತಣಿಸುತ್ತದೆ. ಎಬಿಸಿ ಪುಡಿ ಜ್ವಾಲೆಯನ್ನು ಮಾತ್ರ ಕತ್ತರಿಸುತ್ತದೆ, ಎಣ್ಣೆಯ ಬಿಸಿ ಹಾಗೆಯೇ ಉಳಿಯುತ್ತದೆ. ಮೇಲಿನ ಹೋಟೆಲಿನಲ್ಲಿ ಬೆಂಕಿ ಎರಡನೆಯ ಬಾರಿ ಎದ್ದದ್ದು ಅದರಿಂದಲೇ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ರಭಸ ಎಣ್ಣೆಯನ್ನು ಚೆಲ್ಲಿಸುತ್ತದೆ, ಅದರಲ್ಲೂ ತಣಿಸುವ ಗುಣ ಸಾಲದು. ಆದ್ದರಿಂದ ಒಲೆಯ ಕಡೆಗೆ ಆರು ಲೀಟರಿನ ವೆಟ್ ಕೆಮಿಕಲ್, ದಾಸ್ತಾನು ಕೋಣೆಗೆ ಎಬಿಸಿ ಪುಡಿ, ಗ್ರೈಂಡರ್ ಮತ್ತು ವಿದ್ಯುತ್ ಬೋರ್ಡಿನ ಬಳಿ ಇಂಗಾಲದ ಡೈಆಕ್ಸೈಡ್ ಎಂದು ಇಡುವುದು ನನ್ನ ಸಲಹೆ. ವೆಟ್ ಕೆಮಿಕಲ್‌ನ ಬೆಲೆ ಹೆಚ್ಚೆಂದು ಪುಡಿಯದನ್ನೇ ಎರಡು ಕೊಳ್ಳುವವರಿದ್ದಾರೆ. ಬಾಣಲೆಗೆ ಎರಡು ಪುಡಿ ಸಿಲಿಂಡರ್ ಸೇರಿದರೂ ಒಂದು ವೆಟ್ ಕೆಮಿಕಲ್‌ಗೆ ಸಮವಾಗುವುದಿಲ್ಲ.

ಬಳಸುವಾಗ ಉದ್ದನೆಯ ಕೊಳವೆಯನ್ನು ಚಾಚಿ, ಲೇಬಲ್ಲಿನಲ್ಲಿ ಹೇಳಿದಷ್ಟು ದೂರ ನಿಂತು, ತುಂತುರು ಎಣ್ಣೆಯ ಮೇಲೆ ಮೆಲ್ಲನೆ ಬೀಳುವಂತೆ ವೃತ್ತಾಕಾರವಾಗಿ ಸಿಂಪಡಿಸಿ. ಜ್ವಾಲೆ ಆರಿತೆಂದು ನಿಲ್ಲಿಸದೆ ಪೂರ್ತಿ ಖಾಲಿ ಮಾಡಿ. ಬೆನ್ನ ಹಿಂದೆ ಬಾಗಿಲು ಇರಲೇಬೇಕು. ಒಂದು ಅಗ್ನಿನಂದಕ ಖಾಲಿಯಾದರೂ ಬೆಂಕಿ ಆರದಿದ್ದರೆ, ಅಥವಾ ಜ್ವಾಲೆ ಚಿಮಣಿಗೆ ಹತ್ತಿದರೆ, ಎಲ್ಲರೂ ಹೊರಗೆ ಹೋಗಿ 112 ಅಥವಾ 101ಕ್ಕೆ ಕರೆ ಮಾಡಬೇಕು.

ಇಲ್ಲಿ ಮಾರುಕಟ್ಟೆಯ ಬಗ್ಗೆ ಒಂದು ಮಾತು. ಬೆಂಕಿಗೆ ಎಸೆಯುವ ಚೆಂಡುಗಳನ್ನು ಅಡುಗೆಮನೆಗೆ ಕೊಳ್ಳಬೇಡಿ. ಬಿಸಿ ಎಣ್ಣೆಗೆ ಚೆಂಡು ಎಸೆದರೆ ಎಣ್ಣೆ ಚಿಮ್ಮುತ್ತದೆ. ಐಎಸ್‌ಐ ಗುರುತಿಲ್ಲದ ಸಿಲಿಂಡರನ್ನು ಅಂಗಡಿಯವರಿಗೇ ಹಿಂದಿರುಗಿಸಿ. ಮರುಭರ್ತಿಗೆ ಬಂದವರು ಚೀಟಿಯನ್ನಷ್ಟೇ ಬದಲಾಯಿಸಿ ಹಣ ಪಡೆದುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಒತ್ತಡದ ಮುಳ್ಳು ಇರುವುದಿಲ್ಲವಾದ್ದರಿಂದ ತರಕಾರಿ ತೂಗುವ ತಕ್ಕಡಿಯಲ್ಲೇ ಅದನ್ನಿಟ್ಟು ನೋಡಿ: ಒಳಗಿನ ಅನಿಲದಲ್ಲಿ ಹತ್ತನೇ ಒಂದು ಪಾಲು ಕಡಿಮೆಯಾಗಿದ್ದರೆ ಮರುಭರ್ತಿ ಆಗಬೇಕು.

ಗ್ಯಾಸ್ ಸೋರಿಕೆ

ಸೋರಿಕೆ ಹೆಚ್ಚು ಅಪಾಯಕಾರಿಯಾಗುವುದು ಬೆಳಗಿನ ಐದು ಗಂಟೆಗೆ. ರಾತ್ರಿಯಿಡೀ ಶಟರ್ ಎಳೆದಿದ್ದ ಅಡುಗೆಮನೆಯಲ್ಲಿ ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ, ಚರಂಡಿಯ ಬಾಯಲ್ಲಿ, ಕಟ್ಟೆಯ ಕೆಳಗೆ ನಿಂತಿರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 2ರಷ್ಟಾದರೂ ಒಂದು ಕಿಡಿ ಸಾಕು. ಮೊದಲು ಬಂದವರು ಅಭ್ಯಾಸಬಲದಿಂದ ದೀಪದ ಸ್ವಿಚ್ ಒತ್ತುತ್ತಾರೆ, ಇಲ್ಲವೇ ದೇವರ ಪಟದ ಮುಂದೆ ಊದುಬತ್ತಿ ಹಚ್ಚುತ್ತಾರೆ.

ಆದ್ದರಿಂದ ಶಟರನ್ನು ಮೆಲ್ಲಗೆ ಎತ್ತಿ, ಒಳಗೆ ಕಾಲಿಡುವ ಮೊದಲು ಬಗ್ಗಿ ಮೂಸಿ ನೋಡುವುದನ್ನು ಕಡ್ಡಾಯ ಮಾಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಫ್ಯಾನಿಗೂ ಇದೇ ನಿಯಮ. ಬಾಣಲೆ ಬೆಂಕಿಗೆ ಫ್ಯಾನ್ ಆರಿಸಬೇಕು, ಸೋರಿಕೆಗೆ ಅದನ್ನು ಮುಟ್ಟಬಾರದು ಎಂಬ ಈ ವ್ಯತ್ಯಾಸವನ್ನು ಸಿಬ್ಬಂದಿ ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು. ಬಾಗಿಲುಗಳನ್ನು ತೆರೆಯಿರಿ. ಸಿಲಿಂಡರುಗಳು ಹೊರಗಿನ ಗೂಡಿನಲ್ಲಿದ್ದರೆ ಅಲ್ಲಿಯೇ ವಾಲ್ವ್ ಮುಚ್ಚಿ; ಸಿಲಿಂಡರಿನ ಬಾಯಿಂದಲೇ ಸೋರುತ್ತಿದ್ದರೆ ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿನೊಡನೆ ಬಂದ ದಾರ ಕಟ್ಟಿದ ಮುಚ್ಚಳವನ್ನು ಒತ್ತಿ ಕೂರಿಸಿ. ಆ ಮುಚ್ಚಳವನ್ನು ಕಸಕ್ಕೆ ಎಸೆಯುವ ಹೋಟೆಲುಗಳೇ ಹೆಚ್ಚು. ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಬೀದಿಗೆ ಬಂದ ಮೇಲೆಯೇ ಕರೆ ಮಾಡಿ. ಹೊತ್ತು ಕಳೆದಂತೆ ಒಳಗಿದ್ದವರ ಮೂಗು ಆ ವಾಸನೆಗೆ ಒಗ್ಗಿಬಿಡುವುದರಿಂದ, ವಾಸನೆ ಹೋಗಿದೆಯೇ ಎಂದು ಹೇಳಬೇಕಾದವರು ಅಲ್ಲಿಯವರೆಗೆ ಹೊರಗೇ ಇದ್ದವರು. ಆಮೇಲೆ ಸಾಬೂನು ನೀರನ್ನು ಜೋಡಣೆಗಳಿಗೆ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಕಂಡುಹಿಡಿಯಿರಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಹಳೆಯ ಚಾಳಿಯನ್ನು ಇಂದೇ ಬಿಡಿ.

ಸೋರುವ ಗ್ಯಾಸಿಗೆ ಆಗಲೇ ಬೆಂಕಿ ಹತ್ತಿದ್ದರೆ ನಿಯಮ ಬೇರೆ. ವಾಲ್ವ್ ಮುಚ್ಚುವ ದಾರಿ ಇಲ್ಲದಿದ್ದರೆ ಆ ಜ್ವಾಲೆಯನ್ನು ಆರಿಸಬೇಡಿ. ಆರಿಸಿದರೆ ಗ್ಯಾಸ್ ಉರಿಯದೆ ಕೋಣೆ ತುಂಬಿ, ಮುಂದಿನ ಕಿಡಿಗೆ ಸ್ಫೋಟವಾಗುತ್ತದೆ. ಜ್ವಾಲೆ ಚಿಕ್ಕದಾಗಿದ್ದು ಕೈಗೆಟುಕುವಂತಿದ್ದರೆ ಒದ್ದೆ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಬದಿಯಿಂದ ಹೋಗಿ ವಾಲ್ವ್ ಮುಚ್ಚಬಹುದು. ಜ್ವಾಲೆ ಸಿಲಿಂಡರಿನ ಮೈಯನ್ನೇ ನೆಕ್ಕುತ್ತಿದ್ದರೆ ಎಲ್ಲರನ್ನೂ ದೂರ ಕಳುಹಿಸಿ.

ಸಿಬ್ಬಂದಿಯ ಅಭ್ಯಾಸ

ತಿಂಗಳಿಗೊಮ್ಮೆ ಹತ್ತು ನಿಮಿಷ ಸಾಕು, ಆದರೆ ಬಾಯಿಮಾತಿನ ಪಾಠವಾಗಬಾರದು. ತಣ್ಣನೆಯ ಬಾಣಲೆಗೆ ನೀರು ತುಂಬಿ, ಒಬ್ಬರು ‘ಬೆಂಕಿ’ ಎಂದು ಕೂಗಿದ ಕ್ಷಣದಿಂದ ಗಡಿಯಾರ ಹಿಡಿಯಿರಿ: ವಾಲ್ವ್, ಫ್ಯಾನ್, ಮುಚ್ಚಳ. ಹಿಂದೆ ಹೇಳಿದ ಹೋಟೆಲಿನಲ್ಲಿ ಮೊದಲ ಸಲ ಇದಕ್ಕೆ ಐವತ್ತು ಸೆಕೆಂಡು ಹಿಡಿಯಿತು, ಏಕೆಂದರೆ ವಾಲ್ವಿನ ಮುಂದೆ ಈರುಳ್ಳಿ ಮೂಟೆಗಳಿದ್ದವು. ಮೂರನೆಯ ತಿಂಗಳಿಗೆ ಅದು ಹದಿನೈದಕ್ಕಿಳಿಯಿತು, ಮತ್ತು ವಾಲ್ವ್ ಮುಚ್ಚಿದವನು ಪಾತ್ರೆ ತೊಳೆಯುವ ಅದೇ ಹುಡುಗ. ಹೊಣೆಯನ್ನು ಹೆಸರಿಗೆ ಹಂಚದೆ ಜಾಗಕ್ಕೆ ಹಂಚಿ: ಬಾಗಿಲಿಗೆ ಹತ್ತಿರ ಇರುವವರು ವಾಲ್ವ್, ಒಲೆಯವರು ಮುಚ್ಚಳ, ಗಲ್ಲಾದಲ್ಲಿ ಕೂತವರು ಗಿರಾಕಿಗಳನ್ನು ಹೊರಗೆ ಕಳುಹಿಸಿ ಫೋನ್ ಮಾಡುವುದು. ಪಾಳಿ ಬದಲಾದರೂ ಜಾಗ ಬದಲಾಗುವುದಿಲ್ಲ. ಕನ್ನಡ ಬಾರದ ಕೆಲಸಗಾರರು ಇರುವ ಕಡೆ ‘ಗ್ಯಾಸ್’, ‘ವಾಲ್ವ್’, ‘ಹೊರಗೆ’ ಎಂಬ ಮೂರೇ ಕೂಗುಗಳನ್ನು ಗೊತ್ತುಮಾಡಿ, ಎಲ್ಲರಿಂದಲೂ ಕೂಗಿಸಿ.

ಎದುರಿನ ಕಾಲುದಾರಿಯಲ್ಲಿ ಎಲ್ಲರೂ ಸೇರಿದ ಮೇಲೆ ಅಂದಿನ ಹಾಜರಿ ಪುಸ್ತಕ ಹಿಡಿದು ತಲೆ ಎಣಿಸಿ. ಶೌಚಾಲಯದಲ್ಲಿ ಇರುವವರನ್ನೂ, ರಾತ್ರಿ ಪಾಳಿ ಮುಗಿಸಿ ಅಟ್ಟದ ಮೇಲೆ ಮಲಗಿರುವವರನ್ನೂ ಎಣಿಕೆಯಲ್ಲಿ ಸೇರಿಸಿ. ನಾನು ನಡೆಸಿದ ಒಂದು ಅಭ್ಯಾಸದಲ್ಲಿ ಹನ್ನೊಂದು ಜನ ಹೊರಗೆ ಬಂದು ಸಾಲಾಗಿ ನಿಂತ ಮೇಲೆ, ಹನ್ನೆರಡನೆಯವನು ಕಣ್ಣುಜ್ಜಿಕೊಳ್ಳುತ್ತ ಅಟ್ಟದ ಏಣಿ ಇಳಿದು ಬಂದ. ಅಂದೇ ಮಾಲೀಕರು ಅವನ ಹಾಸಿಗೆಯನ್ನು ಮುಂಬಾಗಿಲ ಪಕ್ಕದ ಕೋಣೆಗೆ ಸ್ಥಳಾಂತರಿಸಿದರು.