ವರ್ಷದ ಕೃತಿಸಂಪುಟಕ್ಕೆ ನಾನು ಅಂಕ ಕೊಡುವ ಬಗೆ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಜೂನ್‌ನಿಂದ ಬರೆದ ಪ್ರಬಂಧ, ಪತ್ರ, ಕಥೆಗಳನ್ನೆಲ್ಲ ಕೃತಿಸಂಪುಟದಲ್ಲಿ ಸೇರಿಸುತ್ತಾ ಹೋಗುತ್ತಾರೆ. ಕರಡನ್ನೂ ಎಸೆಯುವಂತಿಲ್ಲ. ಪ್ರತಿ ಹಾಳೆಗೂ ತಾರೀಖು, ಪುಟಸಂಖ್ಯೆ ಇರಬೇಕು. ಫೆಬ್ರವರಿಯಲ್ಲಿ ಅದರಿಂದ ಐದು ಬರಹ ಆರಿಸಿ, ತಾವು ಎಲ್ಲಿ ಬೆಳೆದೆವು ಅಂತ ಒಂದು ಪುಟ ಬರೆಯುತ್ತಾರೆ. ಒಟ್ಟು 20 ಅಂಕ: ಬರಹಗಳಿಗೆ 12, ಈ ಪುಟಕ್ಕೆ 8.

ಕಷ್ಟ ಇರುವುದೆಲ್ಲ ಈ ಪುಟದಲ್ಲೇ. "ಈ ವರ್ಷ ತುಂಬಾ ಕಲಿತೆ, ಆತ್ಮವಿಶ್ವಾಸ ಜಾಸ್ತಿ ಆಯಿತು" ಅಂತ ಮುದ್ದಾಗಿ ಬರೆದರೆ ಕೈ ತಾನಾಗಿ ಅಂಕ ಹಾಕಲು ಹೋಗುತ್ತದೆ. ಅದಕ್ಕೇ ನಾನು ನೋಡುವುದು ಒಂದನ್ನೇ: ಹೇಳಿದ ಮಾತಿಗೆ ಸಂಪುಟದಲ್ಲಿ ಸಾಕ್ಷಿ ಇದೆಯಾ? ಸುಮ್ನೆ ಹೇಳಿದ್ದರೆ 2. ಒಂದು ಬರಹ ತೋರಿಸಿದ್ದರೆ 4. ಹಳೆಯದನ್ನೂ ಹೊಸದನ್ನೂ ಹೋಲಿಸಿ ಏನು ಬದಲಾಯಿತು ಅಂತ ಹೇಳಿದ್ದರೆ 6. ಇನ್ನೂ ಏನು ಬಂದಿಲ್ಲ ಅನ್ನುವುದನ್ನೂ ಗುರುತಿಸಿದ್ದರೆ 8. ಈ ಅಳತೆ ಮಕ್ಕಳಿಗೆ ಜೂನ್‌ನಲ್ಲೇ ಗೊತ್ತಿರುತ್ತದೆ.

ಒಬ್ಬ ಹುಡುಗ ಬಸ್ಸಿಗಾಗಿ ಬರೆದ ಮನವಿ ಪತ್ರ ನೋಡಿ. ಜುಲೈನಲ್ಲಿ ಬರೆದದ್ದು: "ನಮ್ಮ ಊರಿಗೆ ಬಸ್ ಸರಿಯಾಗಿ ಬರುವುದಿಲ್ಲ. ತುಂಬಾ ತೊಂದರೆ." ಡಿಸೆಂಬರ್‌ನಲ್ಲಿ: "8 ಗಂಟೆಯ ಬಸ್ ತಪ್ಪಿದರೆ 10.30ರವರೆಗೆ ಬೇರೆ ಬಸ್ ಇಲ್ಲ. ಮೊದಲ ಎರಡು ಪೀರಿಯಡ್ ತಪ್ಪುತ್ತವೆ." ತನ್ನ ಪುಟದಲ್ಲಿ ಅವನು ಬರೆದಿದ್ದ: "ಮೊದಲು ತೊಂದರೆ ಇದೆ ಅಂತ ಮಾತ್ರ ಹೇಳಿದ್ದೆ. ಈಗ ಏನು ತೊಂದರೆ ಅಂತ ಹೇಳಿದ್ದೇನೆ. ಆದರೆ ಎಷ್ಟು ಗಂಟೆಗೆ ಬಸ್ ಬೇಕು ಅಂತ ಕೇಳೇ ಇಲ್ಲ." ಎರಡೂ ಹಾಳೆ ತೆರೆದು ನೋಡಿದೆ. ಅವನು ಹೇಳಿದ್ದು ಅಕ್ಷರಶಃ ನಿಜ. ಕಾಗುಣಿತದ ತಪ್ಪು ಬೇಕಾದಷ್ಟಿದ್ದವು, ಅದರ ಲೆಕ್ಕ 12ರಲ್ಲಿ ಆಗಿಹೋಗಿತ್ತು. ಇಲ್ಲಿ 8ಕ್ಕೆ 8 ಕೊಟ್ಟೆ.

ಎಷ್ಟು ಬೆಳೆದರು ಅನ್ನುವುದಕ್ಕೆ ನಾನು ಅಂಕ ಕೊಡುವುದಿಲ್ಲ. ಕೊಟ್ಟರೆ ಜೂನ್‌ನಲ್ಲೇ ಚೆನ್ನಾಗಿ ಬರೆಯುತ್ತಿದ್ದವಳಿಗೆ ಅನ್ಯಾಯ ಆಗುತ್ತದೆ, ಅಲ್ವಾ? ಮುಂದಿನ ವರ್ಷದವರು ಮೊದಲ ಬರಹವನ್ನು ಬೇಕಂತಲೇ ಕೆಡಿಸಿಯೂ ಬರೆದಾರು. ತನ್ನ ಬರವಣಿಗೆಯನ್ನು ಎಷ್ಟು ಸರಿಯಾಗಿ ಕಂಡಿದ್ದಾರೆ ಅನ್ನುವುದಷ್ಟೇ ಲೆಕ್ಕ.

ತಿದ್ದುವಾಗ ಮೊದಲು ಇಡೀ ತರಗತಿಯ ಬರಹಗಳಿಗೆ ಅಂಕ ಹಾಕಿ ಮುಗಿಸುತ್ತೇನೆ, ಆಮೇಲೆ ಈ ಪುಟಗಳನ್ನು ತೆಗೆಯುತ್ತೇನೆ. ಒಂದೇ ಮಗುವಿನದು ಎರಡನ್ನೂ ಒಟ್ಟಿಗೆ ನೋಡಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಕೆಲವು ಸಂಪುಟಗಳನ್ನು ನನ್ನ ಅಂಕ ತೋರಿಸದೆ ಇನ್ನೊಬ್ಬ ಕನ್ನಡ ಮೇಡಂಗೆ ಕೊಡುತ್ತೇನೆ. ಎರಡಕ್ಕಿಂತ ಜಾಸ್ತಿ ಅಂಕ ವ್ಯತ್ಯಾಸ ಬಂದರೆ ಇಬ್ಬರೂ ಕೂತು ಸಾಕ್ಷಿಯ ಹಾಳೆ ತೆರೆಯುತ್ತೇವೆ.

ಬರೆಯಲು ತಿಣುಕುವ ಮಕ್ಕಳು ಪುಟ ತಿರುವುತ್ತಾ ಬಾಯಲ್ಲೇ ಹೇಳಬಹುದು. ಅವರು ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡು ಅದೇ ಅಳತೆಯಲ್ಲಿ ಅಂಕ ಹಾಕುತ್ತೇನೆ.